ಯಾವ ರಜೆ ಹಾಕಲಿ?

ಅಂಗಡಿ, ಶೋರೂಂ, ಸಣ್ಣ ಕಂಪನಿಗಳ ನೌಕರರು ರಜೆ ಹಾಕುವಾಗ ಸಾಮಾನ್ಯವಾಗಿ ನೋಡುವುದು ಒಂದೇ: ಯಾವುದರಲ್ಲಿ ಬಾಕಿ ಇದೆ? ಬಾಕಿ ಇದ್ದದ್ದನ್ನು ಹಾಕುತ್ತಾರೆ, ಅದು ಮುಗಿದ ಮೇಲೆ ಉಳಿದದ್ದು ಲಾಸ್ ಆಫ್ ಪೇ. ಎರಡು ದಿನದ ಜ್ವರಕ್ಕೆ ಇಷ್ಟು ಲೆಕ್ಕ ಸಾಕು. ಮೂರು ವಾರ ಮಲಗಿಸುವ ಕಾಯಿಲೆಗೆ ಸಾಲದು. ಆಗ ಯಾವ ರಜೆಯನ್ನು ಮೊದಲು ಮುಟ್ಟುತ್ತೇವೆ, ಯಾವುದನ್ನು ಮುಟ್ಟದೆ ಬಿಡುತ್ತೇವೆ ಎಂಬುದರ ಮೇಲೆ ಕೈಯಲ್ಲಿ ಉಳಿಯುವ ಹಣವೂ ರಜೆಯೂ ನಿಂತಿರುತ್ತವೆ.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಅದರಲ್ಲಿ ಸಂಬಳಸಹಿತ ರಜೆ ಎರಡು ಬಗೆ. ಮೊದಲನೆಯದು ದುಡಿದು ಗಳಿಸುವುದು: ಇಪ್ಪತ್ತು ದಿನ ಕೆಲಸ ಮಾಡಿದರೆ ಒಂದು ದಿನ. ಕಂಪನಿಗಳಲ್ಲಿ ಇಎಲ್ ಎನ್ನುವುದು ಇದನ್ನೇ. ಎರಡನೆಯದು ವರ್ಷಕ್ಕೆ ಹನ್ನೆರಡು ದಿನ, ಕಾಯಿಲೆ, ಅಪಘಾತ ಅಥವಾ ಬೇರೆ ನ್ಯಾಯವಾದ ಕಾರಣಕ್ಕೆ. ಅನೇಕ ಕಂಪನಿಗಳು ಈ ಎರಡನೆಯದನ್ನು ಆರಾರು ದಿನವಾಗಿ ಒಡೆದು ಒಂದು ಪಾಲಿಗೆ ಸಿಎಲ್, ಇನ್ನೊಂದಕ್ಕೆ ಎಸ್‌ಎಲ್ ಎಂದು ಹೆಸರಿಡುತ್ತವೆ. ಹಾಗಾಗಿ ಎಷ್ಟು ದಿನ ಮುಂಚೆ ಹೇಳಬೇಕು, ಒಟ್ಟಿಗೆ ಎಷ್ಟು ಹಾಕಬಹುದು, ಎಷ್ಟನೇ ದಿನಕ್ಕೆ ವೈದ್ಯರ ಚೀಟಿ ಬೇಕು ಎಂಬುದೆಲ್ಲ ನಿಮ್ಮ ಕಂಪನಿಯ ನಿಯಮದಲ್ಲಿರುತ್ತದೆ. ಅದನ್ನು ಎಚ್‌ಆರ್ ಬಳಿ ಕೇಳಿ ಪಡೆದು ಓದಿಕೊಳ್ಳಬೇಕು.

ಬಳಸುವ ದೃಷ್ಟಿಯಿಂದ ಇವುಗಳ ಸ್ವಭಾವ ಬೇರೆ ಬೇರೆ. ಸಿಎಲ್ ಸಾಮಾನ್ಯವಾಗಿ ಡಿಸೆಂಬರ್ ಕೊನೆಗೆ ಸಾಯುತ್ತದೆ; ಮಗುವಿನ ಶಾಲೆಯ ಸಭೆ, ಬ್ಯಾಂಕಿನ ಕೆಲಸ, ಊರಿನ ಸಾವು ಇಂಥವಕ್ಕೆ ಅದನ್ನೇ ಮೊದಲು ಖರ್ಚು ಮಾಡುವುದು ಜಾಣತನ. ಎಸ್‌ಎಲ್ ಕೂಡ ಅನೇಕ ಕಡೆ ಮುಂದಿನ ವರ್ಷಕ್ಕೆ ಹೋಗುವುದಿಲ್ಲ. ಇಎಲ್ ಮಾತ್ರ ಒಂದು ಮಿತಿಯವರೆಗೆ ಮುಂದಕ್ಕೆ ಹೋಗುತ್ತದೆ, ಕೆಲಸ ಬಿಡುವಾಗ ಬಾಕಿ ಉಳಿದದ್ದಕ್ಕೆ ಹಣವೂ ಬರುತ್ತದೆ. ಅಂದರೆ ನಿಮ್ಮ ಖಾತೆಯಲ್ಲಿ ಇರುವ ಒಂದು ಇಎಲ್ ಒಂದು ದಿನದ ಸಂಬಳಕ್ಕೆ ಸಮ. ಇದನ್ನು ಸಣ್ಣಪುಟ್ಟ ಕಾರಣಕ್ಕೆ ಒಡೆಯುವುದು ನನಗೆ ಸರಿಕಾಣುವುದಿಲ್ಲ.

ಲಾಸ್ ಆಫ್ ಪೇ ಅಂದರೆ ಅನುಮತಿ ಇದೆ, ಸಂಬಳ ಇಲ್ಲ. ಅರ್ಜಿಯೇ ಕೊಡದೆ ಮನೆಯಲ್ಲಿ ಉಳಿದರೆ ಅದು ಗೈರುಹಾಜರಿ. ಎರಡರಲ್ಲೂ ಹಣ ಅಷ್ಟೇ ಕಡಿತವಾಗುತ್ತದೆ, ಆದರೆ ಗೈರುಹಾಜರಿಗೆ ನೋಟಿಸ್ ಬರಬಹುದು. ಅದಕ್ಕೇ ರಜೆಯೆಲ್ಲ ಮುಗಿದಿದ್ದರೂ ಒಂದು ಇಮೇಲ್, ಅದೂ ಆಗದಿದ್ದರೆ ಒಂದು ವಾಟ್ಸ್ಆ್ಯಪ್ ಸಂದೇಶವನ್ನಾದರೂ ಕಳಿಸಿ ಇಟ್ಟುಕೊಳ್ಳಬೇಕು.

ಈಗ ಒಂದು ಲೆಕ್ಕ ನೋಡೋಣ. ಬೆಂಗಳೂರಿನ ಒಂದು ಬಟ್ಟೆ ಶೋರೂಮಿನಲ್ಲಿ ಎರಡು ವರ್ಷದಿಂದ ಬಿಲ್ಲಿಂಗ್ ನೋಡಿಕೊಳ್ಳುವ ಹೆಣ್ಣುಮಗಳು ಎಂದಿಟ್ಟುಕೊಳ್ಳಿ. ತಿಂಗಳ ಸಂಬಳ 18,000 ರೂಪಾಯಿ, ಅದರಲ್ಲಿ ಬೇಸಿಕ್ 12,000. ಮೂವತ್ತು ದಿನಕ್ಕೆ ಭಾಗಿಸಿದರೆ ದಿನಕ್ಕೆ 600. ನವೆಂಬರಿನಲ್ಲಿ ಕಾಮಾಲೆ ಬಂತು, ವೈದ್ಯರು ಇಪ್ಪತ್ತು ದಿನ ವಿಶ್ರಾಂತಿ ಹೇಳಿದರು. ಖಾತೆಯಲ್ಲಿ ಉಳಿದಿರುವುದು ಮೂರು ಎಸ್‌ಎಲ್, ಎರಡು ಸಿಎಲ್, ಒಂಬತ್ತು ಇಎಲ್.

ಎಲ್ಲರೂ ಮಾಡುವಂತೆ ಇದ್ದದ್ದನ್ನೆಲ್ಲ ಹಾಕಿದರೆ ಹದಿನಾಲ್ಕು ದಿನಕ್ಕೆ ಪೂರ್ತಿ ಸಂಬಳ. ಉಳಿದ ಆರು ದಿನ ಲಾಸ್ ಆಫ್ ಪೇ, 3,600 ರೂಪಾಯಿ ಹೋಯಿತು. ರಜೆಯ ಖಾತೆ ಪೂರ್ತಿ ಖಾಲಿ. ಡಿಸೆಂಬರಿನಲ್ಲಿ ಮಗುವಿಗೆ ಜ್ವರ ಬಂದರೂ ಮತ್ತೆ ಸಂಬಳ ಕಡಿತವೇ ಗತಿ.

ಇನ್ನೊಂದು ದಾರಿ ಅವಳ ಸಂಬಳದ ಚೀಟಿಯಲ್ಲೇ ಇದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಸಾಮಾನ್ಯವಾಗಿ ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ನೌಕರರಿಂದ ಶೇ 0.75, ಮಾಲೀಕರಿಂದ ಶೇ 3.25 ಹೋಗುತ್ತದೆ. ಇಎಸ್‌ಐ ಎಂದರೆ ಔಷಧಿ, ಆಸ್ಪತ್ರೆ ಅಷ್ಟೇ ಎಂದು ಅನೇಕರು ತಿಳಿದಿದ್ದಾರೆ. ಕಾಯಿಲೆ ಬಿದ್ದು ಸಂಬಳ ಸಿಗದ ದಿನಗಳಿಗೆ ಅದು ಹಣವನ್ನೂ ಕೊಡುತ್ತದೆ: ಸರಾಸರಿ ದಿನಗೂಲಿಯ ಶೇ 70, ವರ್ಷಕ್ಕೆ ಗರಿಷ್ಠ 91 ದಿನ. ಮೊದಲ ಎರಡು ದಿನಕ್ಕೆ ಮಾತ್ರ ಸಿಗುವುದಿಲ್ಲ.

ಆ ಎರಡು ದಿನಕ್ಕೆ ಅವಳು ಎಸ್‌ಎಲ್ ಹಾಕಿ, ಉಳಿದ ಹದಿನೆಂಟು ದಿನವನ್ನು ಲಾಸ್ ಆಫ್ ಪೇ ಎಂದೇ ಬರೆಸಿ, ಇಎಸ್‌ಐ ಚಿಕಿತ್ಸಾಲಯದ ವೈದ್ಯರಿಂದ ಪ್ರಮಾಣಪತ್ರ ಪಡೆದಳು ಅನ್ನೋಣ. ಸಂಬಳದಲ್ಲಿ 10,800 ಕಡಿತ. ಇಎಸ್‌ಐಯಿಂದ ದಿನಕ್ಕೆ 420ರಂತೆ 7,560 ಅವಳ ಬ್ಯಾಂಕ್ ಖಾತೆಗೆ. ನಿಜವಾಗಿ ಕಳೆದುಕೊಂಡದ್ದು 3,240 ರೂಪಾಯಿ, ಮೊದಲ ದಾರಿಗಿಂತ ಕಡಿಮೆ. ಇದರ ಮೇಲೆ ಒಂಬತ್ತು ಇಎಲ್, ಎರಡು ಸಿಎಲ್, ಒಂದು ಎಸ್‌ಎಲ್ ಹಾಗೇ ಉಳಿದವು. ಆ ಒಂಬತ್ತು ಇಎಲ್‌ಗೇ 5,400 ರೂಪಾಯಿ ಬೆಲೆ.

ಇದಕ್ಕೂ ಒಂದು ಕೊರೆ ಇದೆ. ಸಂಬಳವಿಲ್ಲದ ದಿನಕ್ಕೆ ಪಿಎಫ್ ಇಲ್ಲ. ಹದಿನೆಂಟು ದಿನದ ಬೇಸಿಕ್ 7,200 ಆದರೆ, ಅದರ ಶೇ 12ರಷ್ಟು ಮಾಲೀಕರ ಪಾಲು, ಅಂದರೆ 864 ರೂಪಾಯಿ ತಪ್ಪುತ್ತದೆ. ಮೊದಲ ದಾರಿಯಲ್ಲಿ ಇದು 288. ಈ ವ್ಯತ್ಯಾಸ ಸೇರಿಸಿದರೆ ಇಎಸ್‌ಐ ದಾರಿಯಲ್ಲಿ ಹಣ ಒಟ್ಟು 216 ರೂಪಾಯಿ ಹೆಚ್ಚು ಹೋಯಿತು, ಪ್ರತಿಯಾಗಿ ಹನ್ನೆರಡು ದಿನದ ರಜೆ ಉಳಿಯಿತು. ಇಎಸ್‌ಐ ಹಣ ಕೈಸೇರಲು ಕಾಲವೂ ಹಿಡಿಯುತ್ತದೆ. ಆ ತಿಂಗಳ ಬಾಡಿಗೆಗೇ ಕಷ್ಟ ಎನ್ನುವವರು ಇಎಲ್ ಹಾಕಿಕೊಂಡರೆ ತಪ್ಪೇನಿಲ್ಲ.

ಈ ದಾರಿ ಕೆಡುವುದು ಮೂರು ಕಡೆ. ಖಾಸಗಿ ವೈದ್ಯರ ಚೀಟಿಯನ್ನೇ ಹಿಡಿದುಕೊಂಡು, ಗುಣವಾದ ಮೇಲೆ ಇಎಸ್‌ಐ ಚಿಕಿತ್ಸಾಲಯಕ್ಕೆ ಹೋದರೆ ಅಲ್ಲಿ ಸುಲಭವಾಗಿ ಒಪ್ಪುವುದಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿದರೂ ಆದಷ್ಟು ಬೇಗ ಮನೆಯವರಿಂದಲಾದರೂ ಚಿಕಿತ್ಸಾಲಯಕ್ಕೆ ವಿಷಯ ಮುಟ್ಟಿಸಬೇಕು. ಎರಡನೆಯದು ಹಾಜರಿ ಬರೆಯುವವರ ಒಳ್ಳೆಯ ಮನಸ್ಸು. ‘ಪಾಪ, ಸಂಬಳ ಕಟ್ ಆಗದಿರಲಿ’ ಎಂದು ಅವರೇ ಇಎಲ್ ಹಾಕಿಬಿಡುತ್ತಾರೆ. ಸಂಬಳ ಪಡೆದ ದಿನಕ್ಕೆ ಇಎಸ್‌ಐ ಹಣ ಇಲ್ಲ, ಅಲ್ಲಿಗೆ ಅರ್ಜಿ ಬಿತ್ತು. ಹಾಗಾಗಿ ‘ಈ ತಾರೀಖಿನಿಂದ ಈ ತಾರೀಖಿನವರೆಗೆ ಇಎಸ್‌ಐ ಪ್ರಮಾಣಪತ್ರದ ಮೇಲೆ ಲಾಸ್ ಆಫ್ ಪೇ, ಇಎಲ್ ಮುಟ್ಟಬೇಡಿ’ ಎಂದು ಸಂಬಳ ತಯಾರಾಗುವ ಮೊದಲೇ ಬರವಣಿಗೆಯಲ್ಲಿ ತಿಳಿಸಬೇಕು.

ಮೂರನೆಯದು ಅರ್ಹತೆ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಇಎಸ್‌ಐ ವರ್ಷವನ್ನು ಎರಡು ಮಾಡಿದೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ 78 ದಿನಗಳಿಗೆ ವಂತಿಗೆ ಹೋಗಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಕಾಯಿಲೆಯ ಹಣ ಸಿಗುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈಯಿಂದ ಡಿಸೆಂಬರ್. ಹೊಸದಾಗಿ ಸೇರಿದವರಿಗೆ ಚಿಕಿತ್ಸೆ ಕೂಡಲೇ ಸಿಕ್ಕರೂ ಈ ಹಣಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಅವರು ಎಸ್‌ಎಲ್ ಮತ್ತು ಇಎಲ್ ಅನ್ನೇ ನಂಬಬೇಕು.

ಇಎಸ್‌ಐ ಮಿತಿಗಿಂತ ಸಂಬಳ ಹೆಚ್ಚಿರುವವರಿಗೂ ಅದೇ ಮಾತು. ಕಂಪನಿ ಮಾಡಿಸಿಕೊಡುವ ಗುಂಪು ವಿಮೆ ಆಸ್ಪತ್ರೆಯ ಬಿಲ್ ಕಟ್ಟುತ್ತದೆ, ತಪ್ಪಿದ ಸಂಬಳವನ್ನು ಕಟ್ಟುವುದಿಲ್ಲ. ಅಂಥವರು ದೀರ್ಘ ಕಾಯಿಲೆಗೆ ಮೊದಲು ಎಸ್‌ಎಲ್, ಆಮೇಲೆ ಇಎಲ್, ಕೊನೆಗೆ ಲಾಸ್ ಆಫ್ ಪೇ ಎಂದು ಹೋಗುವುದೇ ಸರಿ. ಕೊನೆಯ ಹಂತಕ್ಕೆ ಬಂದಾಗ ಭಾನುವಾರದ ಲೆಕ್ಕವನ್ನು ಕೇಳಿಕೊಳ್ಳಬೇಕು. ಶನಿವಾರ ಮತ್ತು ಸೋಮವಾರ ಲಾಸ್ ಆಫ್ ಪೇ ಹಾಕಿದರೆ ನಡುವಿನ ಭಾನುವಾರವನ್ನೂ ಸೇರಿಸಿ ಮೂರು ದಿನದ ಸಂಬಳ ಕತ್ತರಿಸುವ ಕಂಪನಿಗಳಿವೆ. ಸೋಮವಾರಕ್ಕೆ ಒಂದು ಸಿಎಲ್ ಉಳಿಸಿಕೊಂಡಿದ್ದರೆ ಆ ಭಾನುವಾರವೂ ಉಳಿಯುತ್ತದೆಯೇ ಎಂಬುದನ್ನು ಅರ್ಜಿ ಒತ್ತುವ ಮೊದಲು ಎಚ್‌ಆರ್ ಬಳಿ ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.