ಮೇಲ್ಮನವಿಗೆ ಒಂದು ಪುಟದ ಸಾರಾಂಶ

ಖಾನಾಪುರ ತಾಲ್ಲೂಕಿನ ಲೋಂಡಾ ಸುತ್ತಲಿನ ಕಾಡಂಚಿನಲ್ಲಿ ತಲೆಮಾರುಗಳಿಂದ ಗದ್ದೆ ಮಾಡುತ್ತಿರುವ ರೈತನೊಬ್ಬನು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ್ದಾನೆನ್ನೋಣ. ಗ್ರಾಮಸಭೆ ಒಪ್ಪಿದರೂ, ಹಳೆಯ ಸರಕಾರಿ ದಾಖಲೆ ಇಲ್ಲವೆಂದು ಉಪವಿಭಾಗ ಮಟ್ಟದ ಸಮಿತಿ ಅದನ್ನು ತಿರಸ್ಕರಿಸಿದೆ. ಆ ತೀರ್ಮಾನದ ದಿನದಿಂದ 60 ದಿನಗಳೊಳಗೆ ಜಿಲ್ಲಾ ಮಟ್ಟದ ಸಮಿತಿಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ 48 ಪುಟಗಳ ಕಟ್ಟಿನಲ್ಲಿ ಮುಖ್ಯ ದೂರು 31ನೆಯ ಪುಟದಲ್ಲಿದ್ದರೆ ಅದು ಅಧಿಕಾರಿಯ ಕಣ್ಣಿಗೆ ಬೀಳುವುದು ಕಷ್ಟ.

ಆದುದರಿಂದ ಮೇಲೊಂದು ಪುಟದ ಸಾರಾಂಶವಿರಬೇಕು. ಮೊದಲು ತಿರಸ್ಕಾರದ ಆದೇಶದ ಸಂಖ್ಯೆ, ದಿನಾಂಕ ಬರೆಯಬೇಕು. ಅದರ ಕೆಳಗೆ ದೂರನ್ನು ಒಂದೇ ವಾಕ್ಯದಲ್ಲಿ ಹೇಳಬೇಕು: "ಹಿರಿಯರ ಲಿಖಿತ ಹೇಳಿಕೆ (ಪುಟ 9) ಹಾಗೂ ಗದ್ದೆಯ ಹಳೆಯ ಬದುಗಳ ಸ್ಥಳ ಪರಿಶೀಲನಾ ವರದಿ (ಪುಟ 23) ಇದ್ದರೂ ಅವನ್ನು ಪರಿಗಣಿಸಿಲ್ಲ." ಇವೆರಡೂ ನಿಯಮ 13 ಒಪ್ಪುವ ಸಾಕ್ಷ್ಯಗಳು, ಇಂಥದೇ ದಾಖಲೆ ಬೇಕೆಂದು ಸಮಿತಿಗಳು ಹಟ ಹಿಡಿಯಬಾರದೆಂದು 2012ರ ತಿದ್ದುಪಡಿ ಹೇಳುತ್ತದೆ. ಇದನ್ನು ಎರಡು ಸಾಲಿನಲ್ಲಿ ಬರೆದು, ಕೊನೆಗೆ ಕೋರಿಕೆ ಇಡಬೇಕು: "ತಿರಸ್ಕಾರ ರದ್ದುಪಡಿಸಿ ಈ ಸಾಕ್ಷ್ಯಗಳ ಮೇಲೆ ಮರುಪರಿಶೀಲಿಸಬೇಕು."

ಮನೆತನದ ಇತಿಹಾಸದಿಂದ ಆರಂಭಿಸುವುದು ಸಾಮಾನ್ಯ ತಪ್ಪು. ಅದು ಒಳಪುಟಗಳಿಗೆ ಸೇರಿದ್ದು. ಕಟ್ಟಿಗೆ ಪುಟಸಂಖ್ಯೆ ಹಾಕಿದ ಮೇಲೆಯೇ ಸಾರಾಂಶ ಬರೆಯಬೇಕು, ಇಲ್ಲವಾದರೆ ಅಂಕಿಗಳು ತಾಳೆಯಾಗುವುದಿಲ್ಲ. ಕಟ್ಟಿನಲ್ಲಿಲ್ಲದ ಮಾತನ್ನು ಸಾರಾಂಶದಲ್ಲಿ ಸೇರಿಸಬಾರದು. ಸಾಕ್ಷ್ಯವೇ ಇಲ್ಲದಿದ್ದರೆ ಸಾರಾಂಶ ಅದನ್ನು ತುಂಬಿಕೊಡಲಾರದು. ಬರೆದಾದ ಮೇಲೆ ವಿಷಯ ತಿಳಿಯದ ನೆರೆಯವರಿಗೆ ಕೊಟ್ಟು ಓದಿಸಬೇಕು. ಏನು ಅನ್ಯಾಯ, ಏನು ಕೋರಿಕೆ ಎಂಬುದನ್ನು ಅವರು ಒಡನೆ ಹೇಳಿದರೆ ಪುಟ ಸಿದ್ಧವಾಯಿತೆನ್ನಬಹುದು. ಸಲ್ಲಿಸುವಾಗ ಅದರ ಪ್ರತಿಯ ಮೇಲೆ ದಿನಾಂಕಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು. 60 ದಿನಗಳೊಳಗೆ ಸಲ್ಲಿಸಿದ್ದಕ್ಕೆ ಅದೇ ಆಧಾರ.