ರಂಜಕ ಹೆಚ್ಚಿರುವ ಮಣ್ಣಿಗೆ ಡಿ.ಎ.ಪಿ. ಎಷ್ಟು? ಮಣ್ಣು ಪರೀಕ್ಷಾ ವರದಿಯಿಂದ ಗೊಬ್ಬರದ ಲೆಕ್ಕ

ಮಣ್ಣು ಪರೀಕ್ಷೆಯ ವರದಿ ಕೈಸೇರಿದ ಮೇಲೂ ಅನೇಕ ರೈತರು ಎಂದಿನಂತೆ ಎಕರೆಗೆ ಎರಡು ಚೀಲ ಡಿ.ಎ.ಪಿ., ಒಂದು ಚೀಲ ಯೂರಿಯಾ ಎಂದೇ ಅಂಗಡಿಯಲ್ಲಿ ಕೇಳುತ್ತಾರೆ. ವರದಿಯಲ್ಲಿರುವುದು ಹೆಕ್ಟೇರಿನ ಲೆಕ್ಕದ ಪೋಷಕಾಂಶ. ಅಂಗಡಿಯಲ್ಲಿ ಸಿಗುವುದು ಚೀಲದ ಲೆಕ್ಕದ ಗೊಬ್ಬರ. ಒಂದರಿಂದ ಇನ್ನೊಂದಕ್ಕೆ ಬರುವ ಲೆಕ್ಕ ತಿಳಿಯದಿದ್ದರೆ ಪರೀಕ್ಷೆ ಮಾಡಿಸಿದ ಶ್ರಮ ವ್ಯರ್ಥ. ಕೊಳವೆಬಾವಿಯ ನೀರಿನಲ್ಲಿ ಟೊಮ್ಯಾಟೊ, ಆಲೂಗಡ್ಡೆ ಬೆಳೆದು, ನಡುವೆ ರಾಗಿ ನಾಟಿ ಮಾಡುವ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕೆಂಪು ಮಣ್ಣಿನ ಒಂದು ಎಕರೆ ತಾಕನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಲೆಕ್ಕವನ್ನು ನೋಡೋಣ.

ಮೊದಲು ಮಾದರಿಯ ವಿಷಯ. ಒಂದು ಎಕರೆಯಲ್ಲಿ ಮೇಲಿನ 15 ಸೆಂ.ಮೀ. ಮಣ್ಣೇ ಸುಮಾರು ಒಂಬತ್ತು ಲಕ್ಷ ಕಿ.ಗ್ರಾಂ. ತೂಗುತ್ತದೆ. ಅದರಲ್ಲಿ ನಾವು ಕಳುಹಿಸುವುದು ಅರ್ಧ ಕಿ.ಗ್ರಾಂ.; ಸಾವಯವ ಇಂಗಾಲದ ಪರೀಕ್ಷೆಗೆ ಪ್ರಯೋಗಾಲಯದಲ್ಲಿ ಬಳಸುವುದು ಸುಮಾರು ಒಂದು ಗ್ರಾಂ ಮಾತ್ರ. ಆದ್ದರಿಂದ ಆ ಒಂದು ಹಿಡಿ ಮಣ್ಣು ಇಡೀ ತಾಕಿನ ಮಣ್ಣೇ ಆಗಿರಬೇಕು. ಹಿಂದಿನ ಬೆಳೆ ಕೊಯ್ಲಾದ ಮೇಲೆ, ಮುಂದಿನ ಬೆಳೆಗೆ ಗೊಬ್ಬರ ಹಾಕುವ ಮೊದಲು, ತಾಕಿನಲ್ಲಿ ಅಂಕುಡೊಂಕಾಗಿ ನಡೆಯುತ್ತಾ 10 ರಿಂದ 15 ಕಡೆ ಮಾದರಿ ತೆಗೆಯಬೇಕು. ಪ್ರತಿ ಸ್ಥಳದಲ್ಲೂ ಮೇಲಿನ ಕಸಕಡ್ಡಿ ಸರಿಸಿ, ಗುದ್ದಲಿಯಿಂದ ‘ವಿ’ ಆಕಾರದ ಗುಂಡಿ ತೋಡಿ, ಗುಂಡಿಯ ಒಂದು ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪನಾಗಿ ಮಣ್ಣನ್ನು ಕೆರೆದು ಬುಟ್ಟಿಗೆ ಹಾಕಬೇಕು. ಎಲ್ಲವನ್ನೂ ಬೆರೆಸಿ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಬಿಟ್ಟು ಉಳಿದುದನ್ನು ಮತ್ತೆ ಬೆರೆಸಬೇಕು. ಅರ್ಧ ಕಿ.ಗ್ರಾಂ. ಉಳಿಯುವವರೆಗೆ ಹೀಗೆ ಮಾಡಿ, ನೆರಳಿನಲ್ಲಿ ಒಣಗಿಸಿ ಬಟ್ಟೆಯ ಚೀಲಕ್ಕೆ ತುಂಬಬೇಕು. ಬದುವಿನ ಪಕ್ಕ, ಮರದ ಬುಡ, ಗೊಬ್ಬರದ ಗುಡ್ಡೆ ಇದ್ದ ಜಾಗ ಇವುಗಳ ಮಣ್ಣು ಬೇಡ. ಇಳಿಜಾರಿನ ಮೇಲ್ಭಾಗಕ್ಕೂ ತಗ್ಗಿಗೂ ಬೇರೆ ಬೇರೆ ಮಾದರಿ ಇರಲಿ.

ಖಾಲಿ ಗೊಬ್ಬರದ ಚೀಲದಲ್ಲಿ ಮಣ್ಣು ಕಟ್ಟಿ ತರುವವರು ಈಗಲೂ ಇದ್ದಾರೆ. ಚೀಲಕ್ಕೆ ಅಂಟಿದ ನಾಲ್ಕು ಹರಳು ಸಾಕು, ವರದಿ ಕೆಡಲು. ಪಕ್ಕದ ತಾಕುಗಳಲ್ಲಿ ಇಲ್ಲದ ಲವಣಾಂಶ ಮತ್ತು ಪೊಟ್ಯಾಷ್ ನಿಮ್ಮ ತಾಕಿನಲ್ಲಿ ಮಾತ್ರ ಒಟ್ಟಿಗೆ ಮೇಲೇರಿದ್ದರೆ, ಮಣ್ಣಿಗಿಂತ ಮೊದಲು ಮಾದರಿಯನ್ನು ಅನುಮಾನಿಸಿ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನ ಯೋಜನೆಯಲ್ಲಿ ಮೊದಲು ನೀರಾವರಿ ಪ್ರದೇಶದ ಪ್ರತಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿಯಂತೆ ತೆಗೆಯಲಾಗುತ್ತಿತ್ತು. ಅಂಥ ಹಳೆಯ ಕಾರ್ಡು ನಿಮ್ಮಲ್ಲಿದ್ದರೆ, ಅದರ ಮಣ್ಣು ನೆರೆಯವರ ಹೊಲದ್ದೂ ಆಗಿರಬಹುದೆಂಬುದು ನೆನಪಿರಲಿ.

ಈಗ ವರದಿಗೆ ಬರೋಣ. ನಮ್ಮ ಉದಾಹರಣೆಯ ತಾಕಿನಲ್ಲಿ ರಸಸಾರ 6.4, ಸಾವಯವ ಇಂಗಾಲ ಶೇ. 0.38, ರಂಜಕ ಹೆಕ್ಟೇರಿಗೆ 38 ಕಿ.ಗ್ರಾಂ., ಪೊಟ್ಯಾಷಿಯಂ 175 ಕಿ.ಗ್ರಾಂ. ಎಂದಿದೆ. ರಸಸಾರ ರಾಗಿಗೆ ಹೊಂದುತ್ತದೆ, ಸುಣ್ಣ ಬೇಕಿಲ್ಲ. ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ ಸಾರಜನಕ ಕಡಿಮೆ ಎಂದು ಎಣಿಸುತ್ತೇವೆ.

ಎಡವುವುದು ರಂಜಕದ ಅಂಕಿಯಲ್ಲಿ. ಕೋಷ್ಟಕಗಳಲ್ಲಿ ಸಾಮಾನ್ಯವಾಗಿ ಹೆಕ್ಟೇರಿಗೆ 23 ರಿಂದ 56 ಕಿ.ಗ್ರಾಂ. ರಂಜಕವನ್ನು ‘ಮಧ್ಯಮ’ ಎಂದು ಕೊಟ್ಟಿರುತ್ತದೆ. ಅದರ ಪಕ್ಕದಲ್ಲಿ 38 ಇಟ್ಟು ನೋಡಿದರೆ ಮಧ್ಯಮವೆಂದೇ ಕಾಣುತ್ತದೆ. ಆದರೆ ಕೋಷ್ಟಕದ ಅಂಕಿ P2O5 ರೂಪದ್ದು. ಈ ವರದಿಯಲ್ಲಿ ಬರೆದಿರುವುದು ಬರೇ P. ಎರಡನ್ನೂ ಒಂದೇ ಅಳತೆಗೆ ತರಲು P ಅಂಕಿಯನ್ನು 2.29 ರಿಂದ ಗುಣಿಸಬೇಕು. ಆಗ 38 ಎಂಬುದು 87 ಆಗುತ್ತದೆ. ಅಂದರೆ ಮಣ್ಣಿನಲ್ಲಿ ರಂಜಕ ‘ಹೆಚ್ಚು’. ಹಾಗೆಯೇ K ಅಂಕಿಯನ್ನು 1.2 ರಿಂದ ಗುಣಿಸಿದರೆ K2O ರೂಪದಲ್ಲಿ 210 ಆಗುತ್ತದೆ. ಪೊಟ್ಯಾಷಿಗೆ ಸುಮಾರು 140 ರಿಂದ 336 ರವರೆಗೆ ಮಧ್ಯಮ. ವರದಿಯ ಅಂಕಣದ ತಲೆಯಲ್ಲಿ ಯಾವ ರೂಪ ಬರೆದಿದೆಯೆಂದು ನೋಡದೆ ಮುಂದಕ್ಕೆ ಹೋಗಬೇಡಿ. ಬರೆದಿಲ್ಲದಿದ್ದರೆ ಪ್ರಯೋಗಾಲಯದವರನ್ನೇ ಕೇಳಿ.

ತರಕಾರಿ ಬೆಳೆದ ಕೆಂಪು ಮಣ್ಣಿನಲ್ಲಿ ರಂಜಕ ಹೀಗೆ ಕೂಡಿಕೊಳ್ಳಲು ಕಾರಣವಿದೆ. ಸಾರಜನಕ ನೀರಿನೊಡನೆ ಇಳಿದು ಹೋಗುತ್ತದೆ, ಗಾಳಿಗೂ ಹಾರುತ್ತದೆ. ರಂಜಕವಾದರೋ ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳಿಗೆ ಅಂಟಿಕೊಂಡು ಹಾಕಿದಲ್ಲೇ ಉಳಿಯುತ್ತದೆ. ಪ್ರತಿ ಬೆಳೆಗೂ ಡಿ.ಎ.ಪಿ. ಸುರಿದರೆ ವರ್ಷದಿಂದ ವರ್ಷಕ್ಕೆ ಅದು ಬೆಳೆಯುತ್ತಲೇ ಹೋಗುತ್ತದೆ. ಅತಿಯಾದ ರಂಜಕದಿಂದ ಬೆಳೆಗೆ ಸತುವಿನ ಕೊರತೆ ತಲೆದೋರಬಹುದು; ಆಗ ಎಲೆ ಬಿಳಚಿಕೊಂಡು ಪೈರು ಕುಗ್ಗಿದರೆ ರೈತರು ಗೊಬ್ಬರ ಸಾಲದೆಂದು ಮತ್ತೆ ಡಿ.ಎ.ಪಿ. ಹಾಕುವುದುಂಟು!

ನೀರಾವರಿ ರಾಗಿಗೆ ಶಿಫಾರಸು ಹೆಕ್ಟೇರಿಗೆ 100:50:50, ಅಂದರೆ ಎಕರೆಗೆ 40 ಕಿ.ಗ್ರಾಂ. ಸಾರಜನಕ, 20 ಕಿ.ಗ್ರಾಂ. ರಂಜಕ, 20 ಕಿ.ಗ್ರಾಂ. ಪೊಟ್ಯಾಷ್. ಇದು ಕೊಟ್ಟಿಗೆ ಗೊಬ್ಬರವನ್ನೂ ಹಾಕಿದ, ಮಧ್ಯಮ ಫಲವತ್ತತೆಯ ಮಣ್ಣಿಗೆ ಹೇಳಿದ ಮಾತು. ಕಡಿಮೆ ಇರುವ ಪೋಷಕಾಂಶವನ್ನು ನಾಲ್ಕರಲ್ಲೊಂದು ಪಾಲು ಹೆಚ್ಚಿಸುವುದು, ಹೆಚ್ಚಿರುವುದನ್ನು ಅಷ್ಟೇ ಇಳಿಸುವುದು ರೂಢಿ. ಅದರಂತೆ ನಮ್ಮ ತಾಕಿಗೆ ಸಾರಜನಕ 50, ರಂಜಕ 15, ಪೊಟ್ಯಾಷ್ 20 ಕಿ.ಗ್ರಾಂ. ಬೇಕಾಗುತ್ತದೆ. ಹೆಚ್ಚಿದೆಯೆಂದು ರಂಜಕವನ್ನು ಪೂರ್ತಿ ನಿಲ್ಲಿಸುವುದು ನನಗೆ ಸಮ್ಮತವಲ್ಲ. ನಾಟಿಯಾದ ಹೊಸದರಲ್ಲಿ ಪೈರಿನ ಬೇರು ಚಿಕ್ಕದು, ದೂರದ ರಂಜಕ ಅದಕ್ಕೆ ಎಟುಕದು.

ಲೆಕ್ಕವನ್ನು ಯಾವಾಗಲೂ ರಂಜಕದಿಂದ ಆರಂಭಿಸಬೇಕು. ಏಕೆಂದರೆ ಡಿ.ಎ.ಪಿ.ಯಲ್ಲಿ ಶೇ. 46 ರಂಜಕದ ಜೊತೆಗೆ ಶೇ. 18 ಸಾರಜನಕವೂ ಇದೆ. 15ನ್ನು 46 ರಿಂದ ಭಾಗಿಸಿ 100 ರಿಂದ ಗುಣಿಸಿದರೆ ಸುಮಾರು 33 ಕಿ.ಗ್ರಾಂ. ಡಿ.ಎ.ಪಿ. ಆಯಿತು. ಇದರಿಂದಲೇ 6 ಕಿ.ಗ್ರಾಂ. ಸಾರಜನಕ ದೊರೆಯುತ್ತದೆ. ಉಳಿದ 44 ಕಿ.ಗ್ರಾಂ.ಗೆ, ಶೇ. 46 ಸಾರಜನಕವಿರುವ ಯೂರಿಯಾ 96 ಕಿ.ಗ್ರಾಂ. ಬೇಕು. ಶೇ. 60 ಪೊಟ್ಯಾಷ್ ಇರುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ 33 ಕಿ.ಗ್ರಾಂ. ಸಾಕು. ಡಿ.ಎ.ಪಿ. ಮತ್ತು ಪೊಟ್ಯಾಷನ್ನು ಪೂರ್ತಿಯಾಗಿ, ಯೂರಿಯಾವನ್ನು 42 ಕಿ.ಗ್ರಾಂ.ನಷ್ಟು ನಾಟಿಯ ಸಮಯದಲ್ಲಿ ಕೊಡಬೇಕು. ಮಿಕ್ಕ 54 ಕಿ.ಗ್ರಾಂ. ಯೂರಿಯಾ ಸುಮಾರು ನಾಲ್ಕು ವಾರಗಳ ನಂತರ, ಕಳೆ ತೆಗೆದ ಮೇಲೆ, ಮೇಲುಗೊಬ್ಬರವಾಗಿ.

ಎಂದಿನ ಎರಡು ಚೀಲ ಡಿ.ಎ.ಪಿ. ಮತ್ತು ಒಂದು ಚೀಲ ಯೂರಿಯಾವನ್ನು ಇದರೊಡನೆ ಹೋಲಿಸಿ. ಡಿ.ಎ.ಪಿ. ಚೀಲ 50 ಕಿ.ಗ್ರಾಂ., ಯೂರಿಯಾ ಚೀಲ ಈಗ 45 ಕಿ.ಗ್ರಾಂ. ಅದರಲ್ಲಿ ರಂಜಕ 46 ಕಿ.ಗ್ರಾಂ., ಅಂದರೆ ಬೇಕಾದುದರ ಮೂರರಷ್ಟು! ಸಾರಜನಕ 39 ಮಾತ್ರ, ಪೊಟ್ಯಾಷ್ ಸೊನ್ನೆ. ಇದ್ದುದನ್ನೇ ಕೊಂಡು ಇಲ್ಲದ್ದನ್ನು ಬಿಟ್ಟಂತಾಯಿತು.

ಸಾರಜನಕದ ಅಂಕಿಯನ್ನು ಮಾತ್ರ ಅಕ್ಷರಶಃ ಹಿಡಿಯಬಾರದು. ಸಾವಯವ ಇಂಗಾಲ ಸಾರಜನಕದ ನೇರ ಅಳತೆಯಲ್ಲ, ಸೂಚನೆಯಷ್ಟೆ. ಮಳೆ, ನೀರು, ಹಿಂದಿನ ಬೆಳೆ ಇವುಗಳಿಂದ ಅದು ಬೇಗ ಬದಲಾಗುತ್ತದೆ. ಕೋಳಿ ಗೊಬ್ಬರ ಹಾಕಿದ್ದರೆ, ಅಥವಾ ತರಕಾರಿಯ ಮೇಲೆ ಬಂದ ರಾಗಿ ನಾಲ್ಕನೆಯ ವಾರಕ್ಕೆ ಕಡುಹಸಿರಾಗಿ ಸೊಕ್ಕಿದ್ದರೆ, ಹೆಚ್ಚಿಸಿದ 10 ಕಿ.ಗ್ರಾಂ. ಸಾರಜನಕವನ್ನು ಮೇಲುಗೊಬ್ಬರದಿಂದ ಕಳೆಯಬೇಕು. ಎಂದರೆ 54 ರ ಬದಲು ಸುಮಾರು 32 ಕಿ.ಗ್ರಾಂ. ಯೂರಿಯಾ ಸಾಕು, ಇಲ್ಲವಾದರೆ ತೆನೆ ಬಲಿಯುವಾಗ ಬೆಳೆ ಮಲಗೀತು. ರಂಜಕ ಮತ್ತು ಪೊಟ್ಯಾಷಿನ ಅಂಕಿಗಳು ನಿಧಾನವಾಗಿ ಬದಲಾಗುವುದರಿಂದ ಇದೇ ತಾಕನ್ನು ಮೂರು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದರೆ ಸಾಕು. ಆಗ ಹಳೆಯ ವರದಿಯನ್ನೂ ಜೊತೆಗೆ ತನ್ನಿ.