ಸ್ಕ್ರೀನ್‌ಶಾಟ್‌ನಿಂದ ಸಭೆಗೆ ಹಾಲಿನ ಲೆಕ್ಕ

ಹಾಲು ಉತ್ಪಾದಕರ ಸಂಘದ ವಾರ್ಷಿಕ ಸಭೆಗೆ ಆ್ಯಪ್‌ನ ಸ್ಕ್ರೀನ್‌ಶಾಟ್ ನೋಡಿ ಭಾಷಣ ಬರೆಯುವ ಕಾರ್ಯದರ್ಶಿ, ದೊಡ್ಡ ಅಂಕಿಗಿಂತ ಮೊದಲು ಅದರ ಪಕ್ಕದ ಸಣ್ಣಕ್ಷರ ಓದಬೇಕು: ಯಾವ ದಿನ, ಬೆಳಗಿನದೋ ಸಂಜೆಯದೋ, ಲೀಟರೋ ಕೆಜಿಯೋ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ಹಾಗಾಗಿ 500 ಲೀಟರ್ ಎಂದರೂ 515 ಕೆಜಿ ಎಂದರೂ ಅದೇ ಹಾಲು. ಇದನ್ನು ಬಿಡಿಸಿ ಹೇಳದೆ ಎರಡೂ ಅಂಕಿ ಓದಿದರೆ ಸದಸ್ಯರಿಗೆ ಅನುಮಾನ ಬರುವುದು ಸಹಜ.

ಹೆಚ್ಚು ಎಡವುವುದು ಫ್ಯಾಟ್ ಸರಾಸರಿಯಲ್ಲಿ. ಬೆಳಗ್ಗೆ 300 ಲೀಟರ್, ಫ್ಯಾಟ್ 4.0, ಸಂಜೆ 200 ಲೀಟರ್, ಫ್ಯಾಟ್ 4.5 ಎನ್ನೋಣ. ಎರಡು ಫ್ಯಾಟ್ ಕೂಡಿ ಅರ್ಧ ಮಾಡಿದರೆ 4.25 ಬರುತ್ತದೆ. ಆದರೆ ಬೆಳಗಿನ ಹಾಲು ಹೆಚ್ಚಿದೆಯಲ್ಲ! ಆಯಾ ಹೊತ್ತಿನ ಲೀಟರನ್ನು ಅದರ ಫ್ಯಾಟ್‌ನಿಂದ ಗುಣಿಸಿದರೆ 1200 ಮತ್ತು 900; ಕೂಡಿ 500ರಿಂದ ಭಾಗಿಸಿದರೆ 4.2. ಇದೇ ಸರಿಯಾದ ಸರಾಸರಿ.

ಸಭೆಯಲ್ಲಿ ಇಷ್ಟು ಹೇಳಿದರೆ ಸಾಕು: “ಅಂದು ಎರಡೂ ಹೊತ್ತು ಸೇರಿ 500 ಲೀಟರ್ ಬಂತು, ಸರಾಸರಿ ಫ್ಯಾಟ್ 4.2.” ಸಂಜೆಯ ಶೇಖರಣೆ ಮುಗಿಯುವ ಮುನ್ನ ತೆಗೆದ ಸ್ಕ್ರೀನ್‌ಶಾಟ್ ಇದ್ದರೆ ಮಾತ್ರ ಅದನ್ನು ಕೈಬಿಟ್ಟು, ಆ ದಿನದ ಪೂರ್ತಿ ಲೆಕ್ಕ ಮತ್ತೆ ತೆಗೆಯಬೇಕು.